ನಕ್ಷೆ ಓದೋಣ, ಭಾಗ 4: ಎರಡು ಗುಡ್ಡ, ಆರು ಅಂಕಿ

ಘಟ್ಟದ ಬೋಳುಗುಡ್ಡದ ಮೇಲೆ ಇದ್ದೀರಿ. ಜೊತೆಗಿರೋರ ಕಾಲು ಮುರಿದಿದೆ, ಫೋನ್ ಸತ್ತಿದೆ. ಸಹಾಯ ಕರೆಯೋಕೆ ಒಬ್ಬರನ್ನ ಕೆಳಗೆ ಕಳಿಸ್ತೀರಿ. ಅಲ್ಲಿ ಮೊದಲ ಪ್ರಶ್ನೆನೇ, "ಎಲ್ಲಿದ್ದಾರೆ?"

ಕಣ್ಣಿಗೂ ಕಾಣುವ, ಸರ್ವೆ ನಕ್ಷೆಯಲ್ಲೂ ಇರುವ ಎರಡು ಶಿಖರ ಹುಡುಕಿ. ದಿಕ್ಸೂಚಿಯಲ್ಲಿ ಒಂದು 60 ಡಿಗ್ರಿ, ಇನ್ನೊಂದು 140 ಡಿಗ್ರಿ ತೋರಿಸ್ತು ಅನ್ನಿ. ಇದು ನಿಮ್ಮಿಂದ ಶಿಖರದ ಕಡೆಗಿನ ಕೋನ. ಶಿಖರದಿಂದ ನಿಮ್ಮ ಕಡೆಗೆ ಬರೋಕೆ 180 ಕೂಡಿಸಿ: 240, 320. ನಕ್ಷೆಯಲ್ಲಿ ಆಯಾ ಶಿಖರದಿಂದ ಆ ಕೋನಕ್ಕೆ ಗೆರೆ ಎಳೆಯಿರಿ. ಗೆರೆಗಳು ಕೂಡೋ ಕಡೆ ನೀವಿದ್ದೀರಿ.

ನಂಬೋ ಮುಂಚೆ ಮೂರನೇ ಶಿಖರ ನೋಡಿ. ಮೂರು ಗೆರೆ ಸೇರಿ ಪುಟ್ಟ ತ್ರಿಕೋನ ಆದ್ರೆ ಸರಿ. ದೊಡ್ಡದಾದ್ರೆ ಯಾವುದೋ ಗುಡ್ಡ ಬೇರೆಯದ್ದು, ಇಲ್ಲಾ ದಿಕ್ಸೂಚಿ ಹತ್ತಿರ ಕಬ್ಬಿಣ ಇದೆ. ಶಿಖರಗಳು ಹೆಚ್ಚುಕಮ್ಮಿ ಒಂದೇ ದಿಕ್ಕಲ್ಲಿದ್ರೂ ಕಷ್ಟ: ಒಂದೆರಡು ಡಿಗ್ರಿ ತಪ್ಪಿದರೂ ಗೆರೆ ಕೂಡೋ ಜಾಗ ತುಂಬ ದೂರ ಜಾರುತ್ತೆ.

ಈಗ ಅಂಕಿ. ನಿಮ್ಮ ಚೌಕದ ಎಡಗೆರೆ 34, ಅಲ್ಲಿಂದ ಬಲಕ್ಕೆ ಹತ್ತರಲ್ಲಿ 6 ಪಾಲು: 346. ಕೆಳಗೆರೆ 71, ಅಲ್ಲಿಂದ ಮೇಲಕ್ಕೆ 2 ಪಾಲು: 712. ಚೀಟಿಯಲ್ಲಿ 346712 ಅಂತ ಬರೆದು ನಕ್ಷೆಯ ಹಾಳೆ ಸಂಖ್ಯೆನೂ ಸೇರಿಸಿ. ಒಂದು ಕಿಲೋಮೀಟರ್ ಚೌಕಗಳಿರೋ ನಕ್ಷೆಯಲ್ಲಿ ಇದು 100 ಮೀಟರ್ ಚೌಕವನ್ನ ಹಿಡಿದು ಕೊಡುತ್ತೆ.

ಮೊದಲು ಬಲಕ್ಕೆ, ಆಮೇಲೆ ಮೇಲಕ್ಕೆ. ತಿರುಗಿಸಿ 712346 ಅಂದ್ರೋ, ಹುಡುಕೋರು 50 ಕಿ.ಮೀ. ಆಚೆ ಹೋಗಿರ್ತಾರೆ.