ಒಂದೇ ಹಾಳೆಯ ನೆಫ್ರಾನ್

ನರ್ಸಿಂಗ್ ಓದುವ ಹುಡುಗಿಯೊಬ್ಬಳು ಪರೀಕ್ಷೆಯ ಗೈಡೊಂದನ್ನು ತಂದು ಮುಂದಿಟ್ಟು, "ಸರ್, ಇದ್ರಾಗ ಮೂತ್ರಪಿಂಡದ ಚಾಪ್ಟರ್ ಎಲ್ಲಾ ಒಂದ ಪೇಜಿನಾಗ ಕೊಟ್ಟಾರ‍್ರೀ" ಎಂದಳು. ಒಂದೇ ಪುಟ ಎಂದ ಕೂಡಲೇ ನನ್ನ ಕಿವಿ ನೆಟ್ಟಗಾಗುತ್ತದೆ. ದಪ್ಪ ಪುಸ್ತಕದ ಅಧ್ಯಾಯವನ್ನು ಒಂದು ಹಾಳೆಗೆ ಇಳಿಸುವುದೇ ನನ್ನ ಚಟ. ಮುಧೋಳದ ಮಂದಿ ಸಂಜೆ ಇಸ್ಪೀಟು ಆಡುತ್ತಾರೆ, ನಾಯಿ ಸಾಕುತ್ತಾರೆ, ನಾನು ಗೈಟನ್ ಪುಸ್ತಕದ ಮೂತ್ರಪಿಂಡವನ್ನು ಮತ್ತೆ ಮತ್ತೆ ಒಂದು ಹಾಳೆಗೆ ಬರೆಯುತ್ತೇನೆ. ಆಸೆಯಿಂದ ಗೈಡು ತೆರೆದೆ. ಮೊದಲ ಸಾಲಿಗೇ ತಲೆ ಕೆಟ್ಟಿತು. "ಪ್ರಾಕ್ಸಿಮಲ್ ನಳಿಕೆಯಲ್ಲಿ ಸೋಡಿಯಂ ಮೂರರಲ್ಲಿ ಎರಡು ಪಾಲು ಮರುಹೀರಿಕೆ; ಆದ್ದರಿಂದ ದ್ರವದ ಸೋಡಿಯಂ ಸಾಂದ್ರತೆ ಮೂರನೇ ಒಂದಕ್ಕೆ ಇಳಿಯುತ್ತದೆ" ಎಂಬ ಅರ್ಥದ ಮಾತು ಅಲ್ಲಿತ್ತು.

"ಹೌದಲ್ರೀ ಸರ್, ಅಷ್ಟು ಸೋಡಿಯಂ ಹೋದ ಮ್ಯಾಲ ಕಡಿಮಿ ಆಗಬೇಕಲ್ಲ?" ಎಂದಳು.

"ಅದರ ಜೋಡಿ ನೀರೂ ಹೋಗೇತಲ್ಲವಾ" ಎಂದೆ.

ಅವಳಿಗೆ ಅಷ್ಟೇ ಸಾಕಾಯಿತು. ನನಗೆ ಸಾಕಾಗಲಿಲ್ಲ, ಅದಕ್ಕೇ ಈ ಬರಹ.

ಮೂತ್ರಪಿಂಡದ ಸಾರಾಂಶ ಬರೆಯುವವರಲ್ಲಿ ಪಂಗಡಗಳಿವೆ. ನಾಲ್ಕು ಬಣ್ಣದ ಪೆನ್ನಿನವರು ಒಂದು ಕಡೆ, ಪ್ರತಿ ಹಾರ್ಮೋನಿನ ಮೊದಲಕ್ಷರ ಕೂಡಿಸಿ ಅರ್ಥವಿಲ್ಲದ ಪದ ಕಟ್ಟುವವರು ಇನ್ನೊಂದು ಕಡೆ. ಇವರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ಕೋಷ್ಟಕ ಹಾಕುವವರ ಮೇಲೆ. ಎಡಕ್ಕೆ ನಳಿಕೆಯ ಭಾಗಗಳು, ಮೇಲೆ ಸೋಡಿಯಂ, ಪೊಟ್ಯಾಸಿಯಂ, ನೀರು, ಹಾರ್ಮೋನು; ಒಳಗೆಲ್ಲ ಮೇಲ್ಮುಖ, ಕೆಳಮುಖ ಬಾಣಗಳು. ಒಂದು ಮನೆಯಲ್ಲಿರುವ ಬಾಣ ಸೋಡಿಯಮ್ಮಿನ ಪ್ರಮಾಣ ಇಳಿಯಿತು ಎನ್ನುತ್ತದೆ, ಅದರ ಕೆಳಗಿನ ಬಾಣ ಸಾಂದ್ರತೆ ಇಳಿಯಿತು ಎನ್ನುತ್ತದೆ. ಯಾವುದು ಯಾವುದರದು ಎಂದು ಬಾಣಕ್ಕೂ ಗೊತ್ತಿಲ್ಲ, ಹಾಕಿದವನಿಗೂ ಗೊತ್ತಿಲ್ಲ.

ನನ್ನ ಪದ್ಧತಿ ಬಹಳ ಬಡವರದು. ನಳಿಕೆಯನ್ನು ಉದ್ದಕ್ಕೆ ಒಂದು ಗೆರೆಯಾಗಿ ಎಳೆದು ನಾಲ್ಕೈದು ಕಡೆ ನಿಲ್ಲುತ್ತೇನೆ. ನಿಂತಲ್ಲೆಲ್ಲ ಎರಡೇ ಸಂಖ್ಯೆ: ದಿನಕ್ಕೆ ಎಷ್ಟು ಲೀಟರ್ ನೀರು ಇಲ್ಲಿಗೆ ಬಂತು, ಎಷ್ಟು ಸೋಡಿಯಂ ಬಂತು. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಸಾಂದ್ರತೆ ತಾನಾಗಿ ಬರುತ್ತದೆ. ಬಾಣ ಬೇಡ, ಬಣ್ಣ ಬೇಡ.

ಎರಡೂ ಮೂತ್ರಪಿಂಡಗಳ ಗ್ಲೊಮೆರುಲಸ್‌ಗಳು ನಿಮಿಷಕ್ಕೆ ಸುಮಾರು 125 ಮಿಲಿಲೀಟರ್ ಸೋಸುತ್ತವೆ, ದಿನಕ್ಕೆ 180 ಲೀಟರ್. ಲೀಟರಿಗೆ 140 ಮಿಲಿಮೋಲ್ ಸೋಡಿಯಂ ಎಂದರೆ 25,200 ಮಿಲಿಮೋಲ್. ಉಪ್ಪಿನ ಲೆಕ್ಕದಲ್ಲಿ ಸುಮಾರು ಒಂದೂವರೆ ಕಿಲೋ. ಪ್ರಾಕ್ಸಿಮಲ್ ನಳಿಕೆ ದಾಟುವಾಗ ಗ್ಲುಕೋಸು, ಅಮೈನೊ ಆಮ್ಲಗಳು ಬಹುತೇಕ ಪೂರ್ತಿ ವಾಪಸಾಗುತ್ತವೆ. ಸೋಡಿಯಮ್ಮಿನ ಮೂರರಲ್ಲಿ ಎರಡು ಪಾಲು, ನೀರಿನ ಮೂರರಲ್ಲಿ ಎರಡು ಪಾಲು ಒಟ್ಟಿಗೇ ಹೋಗುತ್ತವೆ. ಉಳಿದದ್ದು 60 ಲೀಟರ್, 8,400 ಮಿಲಿಮೋಲ್. ಭಾಗಿಸಿ, ಮತ್ತೆ 140! ಒಂದು ಕಿಲೋ ಉಪ್ಪು ಮಾಯವಾಗಿದ್ದರೂ ದ್ರವದ ರುಚಿ ಒಂದಿಷ್ಟೂ ಬದಲಾಗಿಲ್ಲ. ನಮ್ಮ ಕಡೆಯ ಬೆಲ್ಲದ ಗಾಣದಲ್ಲಿ ಇದಕ್ಕೆ ತದ್ವಿರುದ್ಧ. ಕೊಪ್ಪರಿಗೆಯಿಂದ ನೀರಷ್ಟೇ ಆವಿಯಾಗಿ ಹೋಗುತ್ತದೆ, ಸಕ್ಕರೆ ಇದ್ದಷ್ಟೇ ಇದ್ದು ಹಾಲು ಗಟ್ಟಿಯಾಗುತ್ತದೆ. ಗಾಣದ ಹಾಲಿನಲ್ಲಿ ಸಕ್ಕರೆ ಮಾಡುವುದನ್ನು ಪ್ರಾಕ್ಸಿಮಲ್ ನಳಿಕೆಯಲ್ಲಿ ಮಾಡುವುದು ಇನ್ಯುಲಿನ್. ಅದನ್ನು ನಳಿಕೆ ಮುಟ್ಟುವುದೇ ಇಲ್ಲ, ಹಾಗಾಗಿ ಅದರ ಸಾಂದ್ರತೆ ಇಲ್ಲಿಗೆ ಮೂರು ಪಟ್ಟಾಗಿರುತ್ತದೆ. ನಳಿಕೆಯಲ್ಲಿ ನೀರೆಷ್ಟು ಹೋಯಿತು ಎಂದು ಶರೀರಶಾಸ್ತ್ರಜ್ಞರು ಅಳೆದದ್ದು ಇದನ್ನೇ ಹಿಡಿದು.

ಮುಂದೆ ಹೆನ್ಲೆ ಕುಣಿಕೆ. ಇಳಿಯುವ ಕಾಲು ನೀರು ಬಿಟ್ಟುಕೊಡುತ್ತದೆ, ಉಪ್ಪನ್ನು ಅಷ್ಟಾಗಿ ಬಿಡುವುದಿಲ್ಲ. 60 ಲೀಟರ್ ಸುಮಾರು 36ಕ್ಕೆ ಇಳಿಯುತ್ತದೆ. ಏರುವ ಕಾಲಿನ ಸ್ವಭಾವ ಬೇರೆ. ಅದು ನೀರನ್ನು ಹೊರಬಿಡುವುದೇ ಇಲ್ಲ. ಅದರ ದಪ್ಪ ಭಾಗ ಒಂದು ಸೋಡಿಯಂ, ಒಂದು ಪೊಟ್ಯಾಸಿಯಂ, ಎರಡು ಕ್ಲೋರೈಡನ್ನು ಕೂಡಿಸಿ ಎಳೆದುಕೊಳ್ಳುತ್ತದೆ. ಮೊದಲು ಸೋಸಿದ ಸೋಡಿಯಮ್ಮಿನ ಕಾಲು ಭಾಗ, ಅಂದರೆ 6,300 ಮಿಲಿಮೋಲ್ ಇಲ್ಲೇ ಹೋಗುತ್ತದೆ. ಉಳಿದದ್ದು 2,100, ನೀರು ಮಾತ್ರ ಅದೇ 36 ಲೀಟರ್. ಭಾಗಿಸಿದರೆ 58. ರಕ್ತಕ್ಕಿಂತ ಎಷ್ಟೋ ಸಪ್ಪೆಯಾದ ದ್ರವ, ಒಟ್ಟು ಸಾಂದ್ರತೆ ಸುಮಾರು 100 ಮಿಲಿಆಸ್ಮೋಲ್.

ಇಲ್ಲಿ ಹಾಳೆಯ ಮೇಲೆ ಎರಡು ಸಲ ಗೆರೆ ಹೊಡೆಯುತ್ತೇನೆ. "ಹೆನ್ಲೆ ಕುಣಿಕೆ ಮೂತ್ರವನ್ನು ಗಟ್ಟಿ ಮಾಡುತ್ತದೆ" ಎಂದು ಬರೆಯದ ಸಾರಾಂಶ ನಾನು ನೋಡಿಲ್ಲ. ಕುಣಿಕೆಯಿಂದ ಹೊರಬರುವ ದ್ರವವೋ ರಕ್ತಕ್ಕಿಂತ ತೆಳು! 1959ರಲ್ಲಿ ಗಾಟ್‌ಶಾಕ್ ಮತ್ತು ಮೈಲ್ ಎಂಬಿಬ್ಬರು ಇಲಿ ಮುಂತಾದ ಪ್ರಾಣಿಗಳ ನಳಿಕೆಯೊಳಕ್ಕೆ ಕೂದಲಿಗಿಂತ ಸಪೂರವಾದ ಗಾಜಿನ ಸೂಜಿ ಚುಚ್ಚಿ ಹನಿ ತೆಗೆದು ಅಳೆದರು. ಪ್ರಾಣಿ ಬಾಯಾರಿದ್ದಾಗಲೂ ಡಿಸ್ಟಲ್ ನಳಿಕೆಯ ಆರಂಭದ ಹನಿ ತೆಳುವೇ ಇತ್ತು. ಗಟ್ಟಿಯಾಗುವುದು ಕುಣಿಕೆಯಿಂದ ಹೊರಬರುವ ಮೂತ್ರವಲ್ಲ, ಸುತ್ತಲಿನ ಮೆಡುಲ್ಲಾದ ಅಂಗಾಂಶ. ಮೂತ್ರ ಗಟ್ಟಿಯಾಗುವುದು ಆಮೇಲೆ, ಕಲೆಕ್ಟಿಂಗ್ ಡಕ್ಟ್ ಆ ಉಪ್ಪುಪ್ಪಾದ ಅಂಗಾಂಶದ ನಡುವೆ ಹಾದು ಕೆಳಗಿಳಿಯುವಾಗ. ಪರೀಕ್ಷೆ ಬೇಕೆಂದರೆ ಫ್ಯುರೋಸಮೈಡ್ ಕೊಟ್ಟ ರೋಗಿಯನ್ನು ನೋಡಿ. ಆ ಔಷಧಿ ದಪ್ಪ ಭಾಗದ ಪಂಪನ್ನಷ್ಟೇ ತಡೆಯುತ್ತದೆ. ಆಮೇಲೆ ಅವನ ಮೂತ್ರ ಸರಿಯಾಗಿ ಗಟ್ಟಿಯೂ ಆಗದು, ಸರಿಯಾಗಿ ತೆಳುವೂ ಆಗದು. ರಕ್ತದಂತೆ 300ರ ಆಸುಪಾಸಿನಲ್ಲೇ ನಿಲ್ಲುತ್ತದೆ. ತೆಳು ಮಾಡುವುದೂ ಗಟ್ಟಿ ಮಾಡಲು ಅಂಗಾಂಶಕ್ಕೆ ಉಪ್ಪು ಒದಗಿಸುವುದೂ ಒಂದೇ ಪಂಪಿನ ಕೆಲಸ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಹಾರ್ಮೋನುಗಳಿಗೆ ನನ್ನ ಹಾಳೆಯಲ್ಲಿ ಪ್ರತ್ಯೇಕ ಕಾಲಂ ಇಲ್ಲ. ಕೆಲಸ ಮಾಡುವ ಜಾಗದ ಪಕ್ಕಕ್ಕೆ ಹೆಸರು, ಅಷ್ಟೇ. ಪ್ಯಾರಾಥೈರಾಯ್ಡ್ ಹಾರ್ಮೋನನ್ನು ಎರಡು ಕಡೆ ಬರೆಯಬೇಕು: ಪ್ರಾಕ್ಸಿಮಲ್‌ನಲ್ಲಿ ಫಾಸ್ಫೇಟು ಹೊರಹಾಕಲು, ಡಿಸ್ಟಲ್‌ನಲ್ಲಿ ಕ್ಯಾಲ್ಸಿಯಂ ಉಳಿಸಲು. ಅದು ಸಲೀಸು. ಜಗಳವಿರುವುದು ಆಲ್ಡೊಸ್ಟಿರೋನ್ ಮತ್ತು ಎಡಿಎಚ್ ನಡುವೆ, ಅಥವಾ ಅವೆರಡರ ವಿಷಯದಲ್ಲಿ ನನಗೂ ಗೈಡಿನವರಿಗೂ.

"ಆಲ್ಡೊಸ್ಟಿರೋನ್ ರಕ್ತದ ಸೋಡಿಯಂ ಹೆಚ್ಚಿಸುತ್ತದೆ." ಯಾವ ಸೋಡಿಯಂ? ಪ್ರಮಾಣವೇ, ಸಾಂದ್ರತೆಯೇ? ಆಲ್ಡೊಸ್ಟಿರೋನ್ ಕೈಯಲ್ಲಿರುವುದು ನಳಿಕೆಯ ಕೊನೆಯ ಎರಡು ಶೇಕಡಾ ಸೋಡಿಯಂ. ಅಲ್ಪವೆನಿಸುತ್ತದೆ, ಆದರೆ 25,200ರಲ್ಲಿ ಎರಡು ಶೇಕಡಾ ಎಂದರೆ ದಿನಕ್ಕೆ 500 ಮಿಲಿಮೋಲ್, 29 ಗ್ರಾಂ ಉಪ್ಪು. ಉಪ್ಪು ಉಳಿದರೆ ಬಾಯಾರಿಕೆಯಾಗುತ್ತದೆ, ಎಡಿಎಚ್ ಬರುತ್ತದೆ, ನೀರೂ ಉಳಿಯುತ್ತದೆ. ಒಟ್ಟು ದ್ರವ ಹೆಚ್ಚಿ ರಕ್ತದೊತ್ತಡ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಸೋಡಿಯಂ ಸಾಂದ್ರತೆ? ಆಲ್ಡೊಸ್ಟಿರೋನ್ ಸುರಿಸುವ ಗಡ್ಡೆಯಿರುವ ರೋಗಿಯಲ್ಲೂ ಅದು ಸಾಮಾನ್ಯ ಮಟ್ಟದಲ್ಲೋ ಅದರ ಮೇಲಿನ ಅಂಚಿನಲ್ಲೋ ಇರುತ್ತದೆ, ಅಷ್ಟೇ. ಸಾಂದ್ರತೆಯನ್ನು ಆಳುವುದು ಎಡಿಎಚ್, ಅದು ಸೋಡಿಯಂ ಹಿಡಿಯುವ ಹಾರ್ಮೋನೇ ಅಲ್ಲ. ಎಡಿಎಚ್ ಅತಿಯಾಗಿ ಬಂದವನ ರಕ್ತದಲ್ಲಿ ಸೋಡಿಯಂ 120ಕ್ಕೆ ಇಳಿಯಬಹುದು. ಉಪ್ಪು ಕಡಿಮೆಯಾಗಿ ಅಲ್ಲ, ನೀರು ಹೆಚ್ಚಾಗಿ. ಕಾಲು ಬಾತಿರುವುದಿಲ್ಲ, ಮಂಕು ಕವಿದಿರುತ್ತದೆ. ಗೈಡಿನ ಸಾಲು ಬಾಯಿಪಾಠ ಮಾಡಿದ ನರ್ಸು ನಾಳೆ ಅಂಥ ರೋಗಿಯ ಮುಂದೆ ನಿಂತು, ಉಪ್ಪು ಕಡಿಮೆ ಎಂದುಕೊಂಡು, ನೀರಿನ ಲೆಕ್ಕ ಬರೆಯುವುದನ್ನು ಬಿಟ್ಟರೆ? ಒಂದು ಪುಟ ಉಳಿಸಿದ್ದಕ್ಕೆ ಯಾರು ಹೊಣೆ? ಚಿಕ್ಕದಾಗಿ ಬರೆಯುವುದಕ್ಕೂ ತಪ್ಪಾಗಿ ಬರೆಯುವುದಕ್ಕೂ ವ್ಯತ್ಯಾಸ ತಿಳಿಯದವರ ಕೈಗೆ ಪೆನ್ನು ಕೊಟ್ಟವರು ಯಾರೋ!

ಇರಲಿ. ಸಿಟ್ಟು ಇಳಿಸಿಕೊಳ್ಳಲು ನನಗೆ ಅತ್ಯಂತ ಇಷ್ಟದ ಜಾಗಕ್ಕೆ ಹೋಗುತ್ತೇನೆ. ಕಬ್ಬು ಕಡಿಯುವ ಆಳೊಬ್ಬ ಬಿಸಿಲಲ್ಲಿ ಮಧ್ಯಾಹ್ನದವರೆಗೆ ನೀರು ಕುಡಿಯದೆ ದುಡಿದಿದ್ದಾನೆ ಎನ್ನಿ. ಎಡಿಎಚ್ ಏರಿದೆ. ಅದು ಕಲೆಕ್ಟಿಂಗ್ ಡಕ್ಟಿನ ಗೋಡೆಯಲ್ಲಿ ಅಕ್ವಾಪೊರಿನ್ ಎಂಬ ನೀರಿನ ರಂಧ್ರಗಳನ್ನು ತಂದು ಕೂರಿಸಿದೆ. ಇದೇ ಗತಿಯಲ್ಲಿ ದಿನವಿಡೀ ನಡೆದರೆ ಹೊರಹಾಕಲೇಬೇಕಾದ 600 ಮಿಲಿಆಸ್ಮೋಲ್ ಕಸ ಅರ್ಧ ಲೀಟರಿನಲ್ಲಿ, 1,200ರ ಸಾಂದ್ರತೆಯಲ್ಲಿ ಹೋಗುತ್ತದೆ. ಬಂದ 36 ಲೀಟರಿನಲ್ಲಿ ಉಳಿದ ನೀರೆಲ್ಲ ಎಲ್ಲಿ ವಾಪಸಾಯಿತು? ಮೆಡುಲ್ಲಾದ ಆಳದಲ್ಲಿ ಎಂದು ಎಲ್ಲರೂ ಹೇಳುತ್ತಾರೆ. ಲೆಕ್ಕ ಹಾಕಿ. 36 ಲೀಟರ್, 100 ಮಿಲಿಆಸ್ಮೋಲ್. ಕಾರ್ಟೆಕ್ಸಿನ ಸುತ್ತಲಿನ ದ್ರವ 300. ಅದಕ್ಕೆ ಸಮನಾಗುವ ಹೊತ್ತಿಗೆ ಉಳಿಯುವುದು ಹೆಚ್ಚೆಂದರೆ 12 ಲೀಟರ್. ದಾರಿಯಲ್ಲಿ ಉಪ್ಪೂ ಹೋಗುವುದರಿಂದ ಇನ್ನೂ ಕಡಿಮೆ. ಅಂದರೆ 24 ಲೀಟರಿಗೂ ಹೆಚ್ಚು ನೀರು ರಕ್ತ ಧಾರಾಳವಾಗಿ ಹರಿಯುವ ಕಾರ್ಟೆಕ್ಸಿನಲ್ಲೇ ಖಾಲಿ. ಇಷ್ಟು ನೀರು ಮೆಡುಲ್ಲಾಕ್ಕೆ ನುಗ್ಗಿದ್ದರೆ ಅಲ್ಲಿ ಕೂಡಿಟ್ಟ ಉಪ್ಪೆಲ್ಲ ತೊಳೆದು ಹೋಗುತ್ತಿತ್ತು. ಗಟ್ಟಿ ಮಾಡುವ ಹೆಸರು ಮೆಡುಲ್ಲಾಕ್ಕೆ, ಹೊರೆ ಹೊರುವುದು ಕಾರ್ಟೆಕ್ಸು.

ಇನ್ನೊಂದು ಕಡೆ ಭಾಗಿಸುವುದನ್ನು ಬೇಕೆಂದೇ ಬಿಟ್ಟಿದ್ದೆ. ಕುಣಿಕೆಯ ತಳದಲ್ಲಿ ನೀರು 36 ಲೀಟರ್, ಸೋಡಿಯಂ ಇನ್ನೂ 8,400. ಭಾಗಿಸಿದರೆ 233. ಒಟ್ಟು ಸಾಂದ್ರತೆ ಸುಮಾರು 500 ಮಿಲಿಆಸ್ಮೋಲ್. ಪ್ರತಿ ಚಿತ್ರದಲ್ಲೂ ಕುಣಿಕೆಯ ತಳಕ್ಕೆ 1,200 ಎಂದು ಬರೆದಿರುತ್ತದೆ! ಚಿತ್ರ ಸುಳ್ಳಲ್ಲ, ಅದು ಒಂದೇ ಜಾತಿಯ ನೆಫ್ರಾನ್ ತೋರಿಸುತ್ತದೆ. ಮನುಷ್ಯನ ನೆಫ್ರಾನ್‌ಗಳಲ್ಲಿ ಉದ್ದ ಕುಣಿಕೆ ಹೊತ್ತು ಒಳ ಮೆಡುಲ್ಲಾಕ್ಕೆ ಇಳಿಯುವವು ಸುಮಾರು 15 ಶೇಕಡಾ ಮಾತ್ರ. ಉಳಿದವು ಹೊರ ಮೆಡುಲ್ಲಾದಲ್ಲೇ ತಿರುಗಿ ವಾಪಸು. 1,200 ಎಂಬುದು ಆ ಕೆಲವೇ ಉದ್ದ ಕುಣಿಕೆಗಳ ತುದಿಯದು, ನನ್ನ 500 ಎಲ್ಲವುಗಳ ಸರಾಸರಿ.

ನಾಯಿಯ ಕಥೆ ಬೇರೆ. ಅದರ ನೆಫ್ರಾನ್‌ಗಳೆಲ್ಲ ಉದ್ದ ಕುಣಿಕೆಯವೇ, ಮೂತ್ರವನ್ನು ಮನುಷ್ಯನ ಸುಮಾರು ಎರಡು ಪಟ್ಟು ಗಟ್ಟಿ ಮಾಡಬಲ್ಲದು. ನಮ್ಮೂರ ಬೇಟೆನಾಯಿ ಬಿಸಿಲಲ್ಲಿ ಮೊಲದ ಹಿಂದೆ ಓಡುವಾಗ ಜನ ಅದರ ಕಾಲು ನೋಡುತ್ತಾರೆ, ತೆಳು ಸೊಂಟ ನೋಡುತ್ತಾರೆ. ನಾನು ಅದರ ಮೆಡುಲ್ಲಾ ನೆನೆಯುತ್ತೇನೆ. ಆದರೂ ಕುಣಿಕೆಯೆಲ್ಲ ಉದ್ದವಾದರೆ ಸಾಕು ಎನ್ನುವಂತಿಲ್ಲ. ಮರುಭೂಮಿಯ ಕಾಂಗರೂ ಇಲಿ ನಾಯಿಯನ್ನೂ ಎಷ್ಟೋ ಹಿಂದೆ ಹಾಕುತ್ತದೆ. ಅದರ ಮೂತ್ರಪಿಂಡ ಪುಟ್ಟದು, ಆದರೆ ಆ ಗಾತ್ರಕ್ಕೆ ಮೆಡುಲ್ಲಾ ಬಹಳ ದಪ್ಪ. ಆ ಹುಡುಗಿಗೆ ಬರೆದುಕೊಟ್ಟ ಹಾಳೆಯಲ್ಲಿ ಕುಣಿಕೆಯ ತಳಕ್ಕೆ ಎರಡು ಸಂಖ್ಯೆ ಹಾಕಿದ್ದೇನೆ: ಉದ್ದದ್ದಕ್ಕೆ 1,200, ಸರಾಸರಿಗೆ 500. ಪರೀಕ್ಷೆಯಲ್ಲಿ ಮೊದಲನೆಯದನ್ನಷ್ಟೇ ಬರಿ ಎಂದೂ ಹೇಳಿದ್ದೇನೆ. ಎರಡನೆಯದಕ್ಕೆ ಮಾರ್ಕ್ಸು ಕಳೆಯುವವರಿದ್ದಾರೆ.