ನಡುರಾತ್ರಿಯ ಪಾಠ

ಮೇ 4, 2025, ಭಾನುವಾರ, ಚಿಟಗುಪ್ಪ

ಸ್ಮರಣ ಸಂಚಿಕೆಗೆ ಮಕ್ಕಳ ಕಥೆಯೊಂದನ್ನು ಬರೆದುಕೊಡುತ್ತೇನೆಂದು ಒಪ್ಪಿ ತಿಂಗಳಾಯಿತು. ಹ್ಯೂಯೆನ್‌ತ್ಸಾಂಗನ ಕಥೆ. ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವನಿಗೆ ಅದೇನು ಮಹಾ ಎಂದುಕೊಂಡಿದ್ದೆ. ಇವತ್ತು ಕೂತರೆ ಮೊದಲ ಸಾಲೇ ಹೊರಡುತ್ತಿಲ್ಲ. ‘ಚೀನೀ ಯಾತ್ರಿಕ, ಹರ್ಷನ ಕಾಲದಲ್ಲಿ ಬಂದ, ನಾಲಂದದಲ್ಲಿ ಓದಿದ’ ಎಂದು ಎಷ್ಟು ಬ್ಯಾಚಿಗೆ ಬರೆಸಿದ್ದೇನೋ! ಆ ಮೂರು ಮಾತಿನಲ್ಲಿ ಮನುಷ್ಯನೇ ಇಲ್ಲ.

ಸಂಜೆ ಕರೆಂಟ್ ಹೋಯಿತು. ಮೊಮ್ಮಗಳು ಅಂಗಳದಲ್ಲಿ ಪಕ್ಕ ಬಂದು ಕೂತಳು. ಅವಳಿಗೆ ಮರುಭೂಮಿಯ ಭಾಗ ಹೇಳಿದೆ.

ದೇಶ ಬಿಟ್ಟು ಹೋಗಲು ಅವನಿಗೆ ಅಪ್ಪಣೆ ಸಿಕ್ಕಿರಲಿಲ್ಲ, ಕದ್ದೇ ಹೊರಟ. ಗಡಿಯಲ್ಲಿ ಒಬ್ಬ ಮುದುಕ, ಮುದಿಯಾದ ಬಡಕಲು ಕೆಂಪು ಕುದುರೆಯೊಂದನ್ನು ತಂದು, ‘ಇದು ಈ ದಾರಿಯಲ್ಲಿ ಹದಿನೈದು ಸಲ ಹೋಗಿಬಂದಿದೆ, ನಿನ್ನದು ಎಳೆಯದು’ ಎಂದ. ಭಿಕ್ಷು ತನ್ನ ಕುದುರೆಯನ್ನು ಕೊಟ್ಟು ಅದನ್ನು ತೆಗೆದುಕೊಂಡ. ಮುಂದೆ ಕಾವಲು ಗೋಪುರದ ಬಳಿ ನೀರು ತುಂಬಿಕೊಳ್ಳುವಾಗ ಬಾಣವೊಂದು ಮೊಣಕಾಲನ್ನು ಸವರಿಕೊಂಡು ಹೋಯಿತು. ಗೋಬಿ ಹೊಕ್ಕ ಮೇಲೆ ದಾರಿ ತಪ್ಪಿತು. ಕುಡಿಯಲೆಂದು ಎತ್ತಿದ ನೀರಿನ ಚೀಲ ಭಾರಕ್ಕೆ ಕೈ ಜಾರಿತು. ಪೂರಾ ನೀರು ಮರಳಿಗೆ.

ಹಿಂದಿರುಗಿ ನಾಲ್ಕೈದು ಕಿಲೋಮೀಟರ್ ನಡೆದನಂತೆ. ಆಮೇಲೆ, ಭಾರತ ಮುಟ್ಟದೆ ಪೂರ್ವಕ್ಕೆ ಒಂದು ಹೆಜ್ಜೆಯನ್ನೂ ಇಡುವುದಿಲ್ಲವೆಂದು ತಾನೇ ಆಣೆಯಿಟ್ಟದ್ದು ನೆನಪಾಗಿ ಪಶ್ಚಿಮಕ್ಕೆ ಮುಖ ಮಾಡಿದ. ನಾಲ್ಕು ರಾತ್ರಿ, ಐದು ಹಗಲು ಗಂಟಲಿಗೆ ಹನಿ ನೀರಿಲ್ಲ. ಐದನೆಯ ರಾತ್ರಿ ತಂಪು ಗಾಳಿ ಬೀಸಿತು, ಕುದುರೆ ಎದ್ದಿತು. ಅವನು ಎಳೆದ ದಿಕ್ಕಿಗೆ ಬಾರದೆ ತನ್ನ ದಾರಿ ಹಿಡಿದು ಹುಲ್ಲು, ನೀರು ಇದ್ದಲ್ಲಿಗೆ ಕರೆದೊಯ್ದಿತು.

‘ಮುತ್ಯಾ, ಹಂಗಾರ ಹಾದಿ ಗೊತ್ತಿದ್ದದ್ದು ಕುದುರಿಗಿ, ಅವಗಲ್ಲ’ ಎಂದಳು ಹುಡುಗಿ. ಇದನ್ನೇ ಬರೆಯಬೇಕು.

ಮೇ 6, ಮಂಗಳವಾರ

ಹುಮನಾಬಾದಿನಿಂದ ಬಂದ ಗೆಳೆಯರು ಕರಡು ಓದಿ, ‘ಸರ, ಅವನ್ನ ನಮ್ಮ ಚಿಟಗುಪ್ಪಾಕ ಒಂದಿನ ತಂದುಬಿಡ್ರಿ, ಯಾರ ಕೇಳ್ತಾರ?’ ಎಂದರು. ಆಸೆ ನನಗೂ ಇದೆ. ಕಂಚಿಯ ಕಡೆಯಿಂದ ಉತ್ತರಕ್ಕೆ ಹೊರಟು, ಕೊಂಕಣಪುರ ಎಂದು ಹೇಳುವ ಊರನ್ನು ನೋಡಿ, ಅಲ್ಲಿಂದ ಮಹಾರಾಷ್ಟ್ರಕ್ಕೆ ಹೋದನೆಂದು ಅವನದೇ ಬರಹದಲ್ಲಿದೆ. ನಡುವೆ ಎಲ್ಲಿ ಕಾಲಿಟ್ಟ ಎಂಬುದಿಲ್ಲ. ಆ ಊರು ಯಾವುದೆಂದು ವಿದ್ವಾಂಸರೇ ಜಗಳವಾಡುತ್ತಾರೆ; ಬನವಾಸಿ ಎನ್ನುವವರೂ ಉಂಟು. ಅದರ ಪಕ್ಕದ ತಾಳೆಯ ತೋಪನ್ನಂತೂ ಅವನು ಮರೆತಿಲ್ಲ: ಎಲೆ ಉದ್ದ, ಅಗಲ, ಹೊಳಪು, ಎಲ್ಲ ದೇಶದವರೂ ಬರೆಯಲು ಅದನ್ನೇ ಒಯ್ಯುತ್ತಾರೆ. ಗ್ರಂಥ ಹುಡುಕಿ ಹೊರಟವನ ಕಣ್ಣು ಗರಿಗಳ ಮೇಲೆ ಬೀಳದೆ ಇನ್ನೆಲ್ಲಿ ಬಿದ್ದೀತು?

ನಮ್ಮ ಇಮ್ಮಡಿ ಪುಲಕೇಶಿಯ ಹೆಸರು ಬರೆದು, ಹರ್ಷನಿಗೂ ಬಗ್ಗದವರು ಇವನ ಜನ ಎಂದ. ಯುದ್ಧಕ್ಕೆ ಮುನ್ನ ಆನೆಗಳಿಗೂ ಹೆಂಡ ಕುಡಿಸುತ್ತಿದ್ದರಂತೆ, ಸೋತ ಸೇನಾಪತಿಗೆ ಹೆಂಗಸರ ಉಡುಗೆ ಕೊಡುತ್ತಿದ್ದರಂತೆ. ಇಷ್ಟು ಸಾಕು. ಚಿಟಗುಪ್ಪಕ್ಕೆ ತರುವುದಿಲ್ಲ ಎಂದೆ. ಗೆಳೆಯರಿಗೆ ಬೇಸರವಾಯಿತು, ಚಹಾ ಅರ್ಧಕ್ಕೇ ಬಿಟ್ಟು ಎದ್ದರು.

ಮೇ 9, ಶುಕ್ರವಾರ

ವಾದದ ಭಾಗ. ಕನೌಜಿನಲ್ಲಿ ಹರ್ಷ ಕರೆದ ಸಭೆಯನ್ನು ಎಲ್ಲರೂ ಬರೆಯುತ್ತಾರೆ: ಹದಿನೆಂಟು ದಿನವೂ ಯಾರೂ ಎದುರು ನಿಲ್ಲಲಿಲ್ಲ. ರಾಜನೇ ಬೆನ್ನಿಗಿದ್ದು, ಭಿಕ್ಷುವಿಗೆ ಕೇಡು ಬಗೆದರೆ ತಲೆ ಹೋದೀತೆಂದು ಡಂಗುರ ಹೊಡೆಸಿದ ಮೇಲೆ ಎದುರಾಡುವವರು ಯಾರು? ನನಗೆ ಅದು ವಾದವೇ ಅಲ್ಲ.

ನನಗೆ ಬೇಕಾದದ್ದು ಅದಕ್ಕೂ ಮುಂಚಿನದು. ನಾಲಂದದ ಬಾಗಿಲಿಗೆ ಲೋಕಾಯತ ಪಂಥದ ಬ್ರಾಹ್ಮಣನೊಬ್ಬ ನಲವತ್ತು ಸಿದ್ಧಾಂತ ಬರೆದು ತೂಗುಹಾಕಿದ. ಒಂದನ್ನು ಮುರಿದರೂ ತಲೆ ಕೊಡುತ್ತೇನೆ ಎಂದ. ದಿನಗಳು ಕಳೆದರೂ ಯಾರೂ ಹೊರಬರಲಿಲ್ಲ. ಹ್ಯೂಯೆನ್‌ತ್ಸಾಂಗ್ ಆಳನ್ನು ಕಳಿಸಿ ಅದನ್ನು ಕೀಳಿಸಿ ತುಳಿದುಹಾಕಿಸಿದ. ಮುದಿ ಗುರು ಶೀಲಭದ್ರರ ಎದುರೇ ವಾದ ನಡೆದು, ಬ್ರಾಹ್ಮಣ ಮಾತು ನಿಲ್ಲಿಸಿ ಎದ್ದು, ಸೋತೆ, ತಲೆ ತೆಗೆದುಕೋ ಎಂದ. ಭಿಕ್ಷುಗಳು ಕೊಲ್ಲುವುದಿಲ್ಲ, ಆಳಾಗಿರು ಎಂದ ಇವನು.

ಅಷ್ಟರಲ್ಲಿ ಒಡ್ರದ ಕಡೆಯ ಹೀನಯಾನಿಗಳ ಜೊತೆ ಇನ್ನೊಂದು ವಾದ ಕಾದಿತ್ತು. ಅವರ ಕೈಯಲ್ಲಿದ್ದುದು ಮಹಾಯಾನವನ್ನು ಖಂಡಿಸುವ ಏಳುನೂರು ಶ್ಲೋಕಗಳ ಗ್ರಂಥ. ಇವನಿಗೆ ಕೆಲವು ಕಡೆ ಅರ್ಥವಾಗಲಿಲ್ಲ. ಆಳಾದ ಆ ಬ್ರಾಹ್ಮಣನನ್ನು ಕೇಳಿದ: ಇದರ ಪಾಠ ಕೇಳಿದ್ದೀಯಾ? ಐದು ಸಲ ಕೇಳಿದ್ದೇನೆ ಎಂದ. ಹಾಗಾದರೆ ಹೇಳು. ಆಳಾದವನು ಹೇಗೆ ಹೇಳಲಿ ಎಂದು ಅವನು ಹಿಂಜರಿದ. ಕೊನೆಗೆ, ನಡುರಾತ್ರಿ ಆಗಲಿ, ಆಳಿನಿಂದ ಕಲಿತನೆಂದು ನಿಮ್ಮ ಹೆಸರಿಗೆ ಮಸಿ ಹತ್ತಬಾರದು ಎಂದ.

ಇಲ್ಲಿ ಪೆನ್ನು ನಿಂತಿತು. ಆ ಸಂಕೋಚವನ್ನು ಕಂಡುಕೊಂಡವನು ಗೆದ್ದವನಲ್ಲ, ಸೋತವನು.

ಮೇ 13, ಮಂಗಳವಾರ

ಕಥೆ ಮುಗಿಯಿತು. ಕೊನೆಯ ದೃಶ್ಯ ಆ ಕೋಣೆ: ಎಣ್ಣೆದೀಪ, ಮೇಲೆ ಕೂತ ಆಳು, ಕೆಳಗೆ ಗರಿ ಹಿಡಿದ ಭಿಕ್ಷು. ಯಾರು ಎಲ್ಲಿ ಕೂತರೆಂದು ಜೀವನಚರಿತ್ರೆಯಲ್ಲಿಲ್ಲ, ಅಷ್ಟು ನನ್ನದು. ಉಳಿದದ್ದು ಶಿಷ್ಯ ಹುಯಿಲಿ ಬರೆದಂತೆ. ಪಾಠ ಮುಗಿಸಿ ಸಾವಿರದ ಆರುನೂರು ಶ್ಲೋಕಗಳ ಖಂಡನೆ ಬರೆದ. ಆಳನ್ನು ಬಿಡುಗಡೆ ಮಾಡಿ, ಬೇಕಾದಲ್ಲಿಗೆ ಹೋಗು ಎಂದ. ಅವನು ಕಾಮರೂಪಕ್ಕೆ ಹೋಗಿ ಅಲ್ಲಿನ ರಾಜನಿಗೆ ಇವನ ಗುಣ ಹೇಳಿದ.

645ರಲ್ಲಿ ಭಿಕ್ಷು 657 ಗ್ರಂಥಗಳನ್ನು ಹೊರಿಸಿಕೊಂಡು ಚಾಂಗಾನ್ ಸೇರಿದ. ಆ ನಡುರಾತ್ರಿಯ ಪಾಠದಿಂದ ಹುಟ್ಟಿದ ಪುಸ್ತಕ ಇವತ್ತು ಉಳಿದಿಲ್ಲ.

ಮೊಮ್ಮಗಳಿಗೆ ಪೂರ್ತಿ ಓದಿ ಹೇಳಿದೆ. ‘ಆ ಆಳಿನ ಹೆಸರೇನು ಮುತ್ಯಾ?’ ಎಂದಳು. ಹುಯಿಲಿ ಅವನ ಹೆಸರು ಬರೆದಿಲ್ಲ.