ಬಾರದವರ ಪಟ್ಟಿ

2025ರ ಜುಲೈನಲ್ಲಿ ನಮ್ಮ ವಿಜಯನಗರದ ಸಣ್ಣ ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಎಂಬ ಚೀಟಿಗಳು ಕಾಣತೊಡಗಿದ್ದವು. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಬೇಕರಿ, ಕಾಂಡಿಮೆಂಟ್ಸ್‌ನವರಿಗೆ ನೋಟಿಸ್ ಕಳಿಸಿತ್ತು. ತೆರಿಗೆ ಲೆಕ್ಕ ಬರೆಯುವ ನಾನು ಉಚಿತ ವೆಬಿನಾರ್ ಇಟ್ಟೆ. ಉಪಕಾರದ ಜೊತೆಗೆ ನಾಲ್ಕು ಹೊಸ ಗಿರಾಕಿಗಳ ಆಸೆಯೂ ಇತ್ತು, ಸುಳ್ಳೇಕೆ ಹೇಳಲಿ.

ಹೆಸರು ಕೊಟ್ಟವರು ಅರವತ್ತನಾಲ್ಕು ಜನ. ಸಂಜೆ ಏಳಕ್ಕೆ ಬಂದವರು ಇಪ್ಪತ್ಮೂರು. ಮರುದಿನ ಎಲ್ಲರಿಗೂ ಒಂದೇ ಸಂದೇಶ ಕಳಿಸಿದೆ: ‘ಧನ್ಯವಾದಗಳು, ರೆಕಾರ್ಡಿಂಗ್ ಇಲ್ಲಿದೆ, ಸೇವೆಗೆ ಸಂಪರ್ಕಿಸಿ.’ ಬಂದ ಉತ್ತರ ಮೂರು, ಅದರಲ್ಲಿ ಎರಡು ಕೈಮುಗಿದ ಚಿತ್ರ.

ಆಮೇಲೆ ಝೂಮ್ ಕೊಟ್ಟ ಹಾಜರಿ ಪಟ್ಟಿ ತೆರೆದೆ. ಯಾರು ಎಷ್ಟು ಹೊತ್ತಿಗೆ ಬಂದರು, ಹೋದರು ಎಲ್ಲ ಅದರಲ್ಲಿತ್ತು. ನನ್ನ ಫೀಸಿನ ಸ್ಲೈಡ್ ಬಂದ ಎರಡೇ ನಿಮಿಷದಲ್ಲಿ ಒಂಬತ್ತು ಜನ ಹೊರಟಿದ್ದರು. ಕೊನೆಯವರೆಗೂ ಕೂತವರಲ್ಲಿ ಇಬ್ಬರು ನನ್ನಂತೆಯೇ ಲೆಕ್ಕ ಬರೆಯುವವರು! ನೋಂದಣಿ ಫಾರ್ಮಿನಲ್ಲಿ ‘ನೋಟಿಸ್ ಬಂದಿದೆಯೇ?’ ಎಂದು ಕೇಳಿದ್ದೆ. ಹೌದು ಎಂದವರು ಹದಿನಾಲ್ಕು, ಅವರಲ್ಲಿ ಹನ್ನೊಂದು ಜನ ಬಂದಿರಲೇ ಇಲ್ಲ. ನಾನು ಮಾತಾಡಬೇಕಿದ್ದವರಿಗೆ ಬಿಟ್ಟು ಉಳಿದವರಿಗೆ ಮಾತಾಡಿದ್ದೆ.

ಆ ಹನ್ನೊಂದು ಜನಕ್ಕೆ ಒಬ್ಬೊಬ್ಬರಿಗೇ ಬರೆದೆ. ಲಿಂಕ್ ಇಲ್ಲ, ಫೀಸಿನ ಮಾತಿಲ್ಲ, ‘ನೋಟಿಸ್‌ಗೆ ಉತ್ತರ ಕೊಟ್ಟಾಯಿತೇ?’ ಎಂಬ ಒಂದೇ ಪ್ರಶ್ನೆ. ಹೌದು ಇಲ್ಲ ಎಂದರೆ ಸಾಕು. ಏಳು ಜನ ಉತ್ತರಿಸಿದರು. ಅವರಿಗೆ ಮಧ್ಯಾಹ್ನ ಮೂರರ ಸುಮಾರಿಗೆ, ವ್ಯಾಪಾರ ತಣ್ಣಗಿರುವಾಗ, ಫೋನ್ ಮಾಡಿದೆ.

ಮಾರುತಿ ಮಂದಿರದ ಕಡೆಯ ಬೇಕರಿಯವರೊಬ್ಬರು ನಕ್ಕರು. “ಏಳು ಗಂಟೆಗೆ ಯಾರ್ ಮೇಡಂ ಬರ್ತಾರೆ? ಪಫ್ ಖರ್ಚಾಗೋದೇ ಆವಾಗ.” ಆಮೇಲೆ ದನಿ ತಗ್ಗಿತು. “ಅದ್ರಲ್ಲಿ ಚೀಟಿ ದುಡ್ಡೂ ಸೇರಿದೆ ಮೇಡಂ. ಹೇಳಿದ್ರೆ ನಂಬ್ತಾರಾ?”

ನಾನು ವೆಬಿನಾರ್‌ನಲ್ಲಿ ಸರಕಿನ ವ್ಯಾಪಾರಕ್ಕೆ ವರ್ಷಕ್ಕೆ 40 ಲಕ್ಷದ ಮಿತಿ, ಸೇವೆಗೆ 20 ಲಕ್ಷ ಎಂದೆಲ್ಲ ಹೇಳಿದ್ದೆ. ಅವರಿಗೆ ಬೇಕಿದ್ದದ್ದು, ಖಾತೆಗೆ ಬಂದದ್ದೆಲ್ಲ ವ್ಯಾಪಾರವಲ್ಲ ಎಂದು ತೋರಿಸುವ ದಾರಿ. ಬ್ಯಾಂಕ್ ಸ್ಟೇಟ್‌ಮೆಂಟ್ ತರಿಸಿಕೊಂಡು, ಅವರ ಗಲ್ಲಾದ ಪಕ್ಕ ಸ್ಟೂಲ್ ಹಾಕಿಕೊಂಡು ಕೂತೆ. ಚೀಟಿ, ತಮ್ಮನಿಗೆ ಕೊಟ್ಟು ವಾಪಸ್ ಪಡೆದ ಸಾಲ ಇವಕ್ಕೆ ಒಂದು ಬಣ್ಣ, ವ್ಯಾಪಾರಕ್ಕೆ ಇನ್ನೊಂದು. ವ್ಯಾಪಾರದಲ್ಲೂ ಬ್ರೆಡ್ಡಿಗೆ ತೆರಿಗೆಯಿಲ್ಲ, ಕೇಕಿಗಿದೆ. ಅದನ್ನು ಖರೀದಿ ಬಿಲ್ಲುಗಳಿಂದ ಅಂದಾಜು ಮಾಡಬೇಕಾಯಿತು. ಬರೀ ಬಾಯಿಮಾತು ನಡೆಯುವುದಿಲ್ಲ, ಚೀಟಿ ಪುಸ್ತಕದ ನಕಲೂ ಉತ್ತರದ ಜೊತೆ ಹೋಯಿತು. ಇಷ್ಟಾಗಿಯೂ ಎರಡು ವರ್ಷ ಮಿತಿ ದಾಟಿಯೇ ಇತ್ತು. ಅದನ್ನು ಮುಚ್ಚಿಡದೆ ಹೇಳಿದೆ. ಅವರು ಸುಮ್ಮನೆ ಟ್ರೇ ಒರೆಸುತ್ತಿದ್ದರು.

“ಕ್ಲಾಸ್ ಇನ್ನೊಂದ್ಸಲ ಮಾಡ್ತೀರಾ?” ಎಂದರು ಕೊನೆಗೆ. “ಮಧ್ಯಾಹ್ನ ಇಟ್ಕೊಳ್ಳಿ. ಪಕ್ಕದ ಕಾಂಡಿಮೆಂಟ್ಸ್‌ನೋರಿಗೂ ಬಂದಿದೆ, ಅವರು ಫಾರಂನಲ್ಲಿ ಬರ್ದಿಲ್ಲ ಅಷ್ಟೆ.”